600 ರೂಪಾಯಿಯ ಒಂದು ತಿಂಗಳು: ಪ್ರೌಢಶಾಲೆಯ ಮಕ್ಕಳಿಗೆ ಒಂದು ಮಾದರಿ ಭಾಷಣ

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ನಮ್ಮಲ್ಲಿ ಆರ್ಥಿಕ ಸಾಕ್ಷರತಾ ದಿನ ನಡೆಯಲಿದ್ದು, 9 ಮತ್ತು 10ನೇ ತರಗತಿಯವರಿಗೆ ಪಾಕೆಟ್ ಮನಿ, ಡೆಬಿಟ್ ಕಾರ್ಡ್, ಉಳಿತಾಯ ಈ ಮೂರರ ಬಗ್ಗೆ ಹತ್ತು ನಿಮಿಷದೊಳಗೆ ಮಾತನಾಡಲು ಮುಖ್ಯ ಶಿಕ್ಷಕರು ಹೇಳಿದ್ದಾರೆ. ‘ಹಣ ಉಳಿಸಿ’ ಎಂದು ಉಪದೇಶ ಶುರು ಮಾಡಿದರೆ ಮಕ್ಕಳು ಕೇಳುವುದಿಲ್ಲ. ಭಾಷಣ ಹೇಗಿರಬೇಕು? ಒಂದು ಮಾದರಿ ಬರೆದುಕೊಡಬಹುದೇ?

ಉತ್ತರ: ಮೇಡಂ, ಹತ್ತು ನಿಮಿಷದಲ್ಲಿ ಮೂರು ವಿಷಯಗಳನ್ನು ಬೇರೆ ಬೇರೆಯಾಗಿ ಹೇಳಲು ಹೊರಟರೆ ಮೂರೂ ಅರ್ಧಕ್ಕೇ ನಿಲ್ಲುತ್ತವೆ. ಆದ್ದರಿಂದ ಒಬ್ಬ ವಿದ್ಯಾರ್ಥಿನಿಯ ಒಂದು ತಿಂಗಳ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಬರೆದು, ಆ ಲೆಕ್ಕದೊಳಗೇ ಕಾರ್ಡು ಮತ್ತು ಉಳಿತಾಯ ಎರಡೂ ಬರುವಂತೆ ಮಾತನಾಡುವುದು ಒಳ್ಳೆಯದು. ಮಕ್ಕಳಿಗೆ ಕೂಡಿ ಕಳೆಯುವ ಕೆಲಸ ಕೊಟ್ಟರೆ ಉಪದೇಶದ ಧಾಟಿ ತಾನಾಗಿಯೇ ಹಿಂದೆ ಸರಿಯುತ್ತದೆ.

ವೇದಿಕೆಗೆ ಹೋಗುವಾಗ ಎರಡು ವಸ್ತುಗಳನ್ನು ಒಯ್ಯಿರಿ. ಒಂದು, ಸೀಮೆಸುಣ್ಣ. ಇನ್ನೊಂದು, ಅವಧಿ ಮುಗಿದ ಒಂದು ಡೆಬಿಟ್ ಕಾರ್ಡು. ಅದರ ಮುಂದಿನ ಮತ್ತು ಹಿಂದಿನ ಅಂಕಿಗಳ ಮೇಲೆ ಬಿಳಿ ಟೇಪು ಅಂಟಿಸಿಕೊಳ್ಳಿ. ಹಳೆಯ ಕಾರ್ಡಾದರೂ ಅಂಕಿಗಳು ಕಾಣದಂತೆ ಮುಚ್ಚಿದ್ದೇಕೆ ಎಂದು ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ, ಕಾರ್ಡಿನ ವಿಷಯಕ್ಕೆ ಹೋಗಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಮಾದರಿ ಭಾಷಣ ಇಲ್ಲಿದೆ. ಹಲಗೆಯ ಮೇಲೆ ಬರೆಯುವ ಸಮಯವನ್ನೂ ಸೇರಿಸಿ, ನಿಧಾನವಾಗಿ ಓದಿ ನೋಡಿ, ಹತ್ತು ನಿಮಿಷ ಮೀರಿದರೆ ಎಟಿಎಂ ಶುಲ್ಕದ ಭಾಗವನ್ನು ಚಿಕ್ಕದು ಮಾಡಬಹುದು.

“ಪ್ರೀತಿಯ ವಿದ್ಯಾರ್ಥಿಗಳೇ, ಇವತ್ತು ನಾನು ನಿಮಗೆ ಒಂದು ಲೆಕ್ಕ ಕೊಡುತ್ತೇನೆ. ಕಾವ್ಯ ಎಂಬ ಹುಡುಗಿ 9ನೇ ತರಗತಿಯಲ್ಲಿ ಓದುತ್ತಾಳೆ ಎಂದುಕೊಳ್ಳಿ. ಅವಳ ಅಮ್ಮ ತಿಂಗಳ ಮೊದಲ ದಿನ ಅವಳ ಕೈಖರ್ಚಿಗೆ 600 ರೂಪಾಯಿ ಕೊಡುತ್ತಾರೆ. ಬಸ್ಸಿಗೆ ಅವಳು ಇದರಲ್ಲಿ ಖರ್ಚು ಮಾಡಬೇಕಾಗಿಲ್ಲ, ಏಕೆಂದರೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಅವಳಿಗೆ ಟಿಕೆಟ್ ಉಚಿತ. ಶಾಲೆಯ ಹತ್ತಿರದ ಬೇಕರಿಯಲ್ಲಿ 20 ರೂಪಾಯಿಗೆ ಒಂದು ಪಫ್ ಸಿಗುತ್ತದೆ. ವಾರಕ್ಕೆ ನಾಲ್ಕು ದಿನ ಅವಳು ಪಫ್ ತಿನ್ನುತ್ತಾಳೆ. ನಾಲ್ಕು ವಾರಕ್ಕೆ ಎಷ್ಟಾಯಿತು, ಲೆಕ್ಕ ಹಾಕಿ ಹೇಳಿ. 320 ರೂಪಾಯಿ. ಪೆನ್ನು, ಜೆರಾಕ್ಸು ಎಂದು 60 ರೂಪಾಯಿ. ಗೆಳತಿಯ ಹುಟ್ಟುಹಬ್ಬಕ್ಕೆ ಒಂದು ಉಡುಗೊರೆ, 100 ರೂಪಾಯಿ. ಮನೆಯ ಮೊಬೈಲಿನಲ್ಲಿ ಆಡುವ ಆಟಕ್ಕೆ ಏನೋ ಒಂದನ್ನು ಕೊಂಡಳು, 89 ರೂಪಾಯಿ. ಒಟ್ಟು 569. ತಿಂಗಳ ಕೊನೆಗೆ ಅವಳ ಬಳಿ ಉಳಿದದ್ದು 31 ರೂಪಾಯಿ.

ಈ ಪಟ್ಟಿಯಲ್ಲಿ ತಪ್ಪು ಖರ್ಚು ಯಾವುದು? ನಾನಂತೂ ಯಾವುದನ್ನೂ ತಪ್ಪು ಎನ್ನುವುದಿಲ್ಲ. ಹಸಿವಾದಾಗ ಪಫ್ ತಿನ್ನುವುದು ಅಪರಾಧವಲ್ಲ, ಗೆಳತಿಗೆ ಉಡುಗೊರೆ ಕೊಡುವುದೂ ಅಲ್ಲ. ಆದರೆ ಕಾವ್ಯಳಿಗೆ ಒಂದು ಬ್ಯಾಡ್ಮಿಂಟನ್ ರಾಕೆಟ್ ಬೇಕಾಗಿದೆ, ಅದರ ಬೆಲೆ 1,100 ರೂಪಾಯಿ. ತಿಂಗಳಿಗೆ 31 ರೂಪಾಯಿಯಂತೆ ಕೂಡಿಟ್ಟರೆ ಮೂರು ವರ್ಷ ಬೇಕಾಗುತ್ತದೆ. ಅಷ್ಟು ಹೊತ್ತಿಗೆ ಅವಳು ಪಿಯುಸಿ ಮುಗಿಸುತ್ತಿರುತ್ತಾಳೆ.

ಮುಂದಿನ ತಿಂಗಳು ಅವಳು ಒಂದೇ ಒಂದು ಬದಲಾವಣೆ ಮಾಡಿದಳು. ಅಮ್ಮ ಹಣ ಕೊಟ್ಟ ದಿನವೇ 100 ರೂಪಾಯಿಯನ್ನು ಬೇರೆ ತೆಗೆದಿಟ್ಟಳು. ಕೈಯಲ್ಲಿ 500 ಉಳಿಯಿತು. ಆ 500 ಕಡಿಮೆ ಬಿದ್ದಿತು, ಆದ್ದರಿಂದ ವಾರಕ್ಕೆ ನಾಲ್ಕರ ಬದಲು ಮೂರು ಪಫ್ ತಿಂದಳು. ಪಫ್‌ಗೆ 240, ಪೆನ್ನಿಗೆ 60, ಉಡುಗೊರೆಗೆ 100, ಆಟಕ್ಕೆ 89. ಒಟ್ಟು 489. ಇನ್ನೂ 11 ರೂಪಾಯಿ ಮಿಕ್ಕಿದೆ! ಬಿಟ್ಟದ್ದು ವಾರಕ್ಕೆ ಒಂದು ಪಫ್ ಮಾತ್ರ, ಆದರೆ 31 ರೂಪಾಯಿಯ ಉಳಿತಾಯ 111 ಆಯಿತು. ರಾಕೆಟ್ಟು ಮೂರು ವರ್ಷದ ಬದಲು ಹತ್ತು ತಿಂಗಳಲ್ಲಿ ಸಿಗುತ್ತದೆ. ತಿಂಗಳ ಕೊನೆಯಲ್ಲಿ ಮಿಕ್ಕಿದ್ದನ್ನು ಉಳಿಸುತ್ತೇನೆ ಎಂದವರಿಗೆ ಮಿಕ್ಕುವುದು ಕಡಿಮೆ. ಮೊದಲ ದಿನವೇ ತೆಗೆದಿಟ್ಟವರು ಉಳಿದದ್ದಕ್ಕೆ ತಕ್ಕಂತೆ ಖರ್ಚನ್ನು ತಾವೇ ಹೊಂದಿಸಿಕೊಳ್ಳುತ್ತಾರೆ.

ತೆಗೆದಿಟ್ಟ ಆ ನೂರು ರೂಪಾಯಿ ಎಲ್ಲಿರಬೇಕು? ಪುಸ್ತಕದ ಹಾಳೆಯ ನಡುವೆ ಇಟ್ಟರೆ ಮುಂದಿನ ವಾರವೇ ಅದು ಬೇಕರಿಗೆ ಹೋಗುತ್ತದೆ. ಹತ್ತು ವರ್ಷ ತುಂಬಿದ ಮಕ್ಕಳು ತಮ್ಮ ಹೆಸರಿನಲ್ಲಿ ಬ್ಯಾಂಕಿನ ಉಳಿತಾಯ ಖಾತೆ ತೆರೆದು, ಬ್ಯಾಂಕು ಹಾಕುವ ಮಿತಿಯೊಳಗೆ ತಾವೇ ಅದನ್ನು ನಡೆಸಬಹುದು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಆ ಖಾತೆಗೆ ಡೆಬಿಟ್ ಕಾರ್ಡು ಕೊಡಬೇಕೋ ಬೇಡವೋ ಎಂಬುದು ಆಯಾ ಬ್ಯಾಂಕಿನ ತೀರ್ಮಾನ. ಕೊಟ್ಟರೂ ಒಂದು ಮಾತು ಖಚಿತ: ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ಹಣವನ್ನು ನೀವು ತೆಗೆಯಲಾರಿರಿ, ಅಪ್ರಾಪ್ತರ ಖಾತೆಯಲ್ಲಿ ಸಾಲದ ಸೌಲಭ್ಯ ಇರುವುದಿಲ್ಲ.

ನನ್ನ ಕೈಯಲ್ಲಿರುವ ಈ ಕಾರ್ಡನ್ನು ನೋಡಿ. ಇದರೊಳಗೆ ಹಣವಿಲ್ಲ, ಹಣ ಇರುವುದು ಬ್ಯಾಂಕಿನಲ್ಲಿ, ಇದು ಅದರ ಬೀಗದ ಕೈ. ಮುಂದುಗಡೆ ಸಾಮಾನ್ಯವಾಗಿ ಹದಿನಾರು ಅಂಕಿಗಳ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಮತ್ತು ವರ್ಷ ಇರುತ್ತವೆ. ಹಿಂದುಗಡೆ ಸಹಿಯ ಪಟ್ಟಿಯ ಹತ್ತಿರ ಮೂರು ಅಂಕಿಗಳಿರುತ್ತವೆ, ಅದನ್ನು ಸಿವಿವಿ ಎನ್ನುತ್ತಾರೆ. ಅಂಗಡಿಯಲ್ಲಿ ಅಥವಾ ಎಟಿಎಂನಲ್ಲಿ ಬಳಸುವಾಗ ನಿಮ್ಮ ಪಿನ್ ಬೇಕು. ಮೊಬೈಲಿನಲ್ಲಿ ಕೊಳ್ಳುವಾಗ ಕಾರ್ಡಿನ ಮೇಲಿನ ಈ ಅಂಕಿಗಳು ಮತ್ತು ಮೊಬೈಲಿಗೆ ಬರುವ ಒಟಿಪಿ ಬೇಕು. ಹಾಗಾಗಿ ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದು ಗೆಳೆಯರಿಗೆ ಕಳಿಸಿದರೆ ಅರ್ಧ ಕೆಲಸವನ್ನು ನೀವೇ ಮಾಡಿಕೊಟ್ಟಂತೆ.

ಇಲ್ಲಿ ನಾಲ್ಕು ಬಾಗಿದ ಗೆರೆಗಳಿವೆ, ವೈ-ಫೈ ಗುರುತನ್ನು ಅಡ್ಡ ಮಲಗಿಸಿದ ಹಾಗೆ. ಇದು ಇದ್ದರೆ ಅಂಗಡಿಯ ಯಂತ್ರಕ್ಕೆ ಕಾರ್ಡನ್ನು ಹತ್ತಿರ ಹಿಡಿದರೆ ಸಾಕು, 5,000 ರೂಪಾಯಿವರೆಗೆ ಪಿನ್ ಇಲ್ಲದೆಯೇ ಹಣ ಹೋಗುತ್ತದೆ. ಕಾವ್ಯಳ ಖಾತೆಯಲ್ಲಿ ಇರುವುದೇ ಸಾವಿರದೊಳಗೆ! ಕಾರ್ಡು ಬೇರೆಯವರಿಗೆ ಸಿಕ್ಕಿದರೆ ಅಷ್ಟೂ ಹಣ ಪಿನ್ ಕೇಳದೆಯೇ ಹೋಗಬಹುದು. ಆದರೆ ಹೊಸ ಕಾರ್ಡು ಕೈಗೆ ಬಂದಾಗ ಈ ಸೌಲಭ್ಯವೂ ಆನ್‌ಲೈನ್ ಖರೀದಿಯೂ ಮುಚ್ಚಿಯೇ ಇರಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ತೆರೆಯುವುದೂ ಮುಚ್ಚುವುದೂ ಬ್ಯಾಂಕಿನ ಆ್ಯಪಿನಲ್ಲಿ ನಿಮ್ಮ ಕೈಯಲ್ಲೇ ಇರುತ್ತದೆ. ಬೇಕಾದ ದಿನ ತೆರೆಯಿರಿ, ಕೆಲಸ ಮುಗಿದ ಮೇಲೆ ಮುಚ್ಚಿಬಿಡಿ.

ಇನ್ನೊಂದು ಲೆಕ್ಕ ಮಾಡೋಣ. ಕಾವ್ಯ ತನ್ನ ಖಾತೆಯಲ್ಲಿ 1,000 ರೂಪಾಯಿಯನ್ನು ಒಂದು ವರ್ಷ ಹಾಗೆಯೇ ಬಿಟ್ಟಳು. ನೂರಕ್ಕೆ ಎರಡೂವರೆ ರೂಪಾಯಿಯಂತೆ ಬಡ್ಡಿ ಬಂದರೆ ವರ್ಷಕ್ಕೆ 25 ರೂಪಾಯಿ. ಒಂದು ದಿನ ಅವಳು ಬೇರೆ ಬ್ಯಾಂಕಿನ ಎಟಿಎಂಗೆ ಹೋಗಿ ಹಣ ತೆಗೆದಳು. ಬೇರೆ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ ಇಷ್ಟು ಸಲ ಎಂದು ಉಚಿತ ಮಿತಿ ಇರುತ್ತದೆ: ಬೆಂಗಳೂರಿನಂಥ ಮಹಾನಗರದಲ್ಲಿ ಮೂರು, ನಮ್ಮಂಥ ಊರುಗಳಲ್ಲಿ ಐದು. ಖಾತೆಯಲ್ಲಿ ಎಷ್ಟಿದೆ ಎಂದು ಸುಮ್ಮನೆ ನೋಡಿದರೂ ಅದು ಒಂದು ಸಲವೆಂದೇ ಲೆಕ್ಕ. ಮಿತಿ ಮೀರಿ ಹಣ ತೆಗೆದರೆ ಪ್ರತಿ ಸಲಕ್ಕೂ 23 ರೂಪಾಯಿವರೆಗೆ ಶುಲ್ಕ, ಅದರ ಮೇಲೆ ತೆರಿಗೆ ಬೇರೆ. ಇಡೀ ವರ್ಷದ ಬಡ್ಡಿ ಆ ಒಂದೇ ಸಲಕ್ಕೆ ಹೋಯಿತು. ಆದ್ದರಿಂದ ಪಾಸ್‌ಬುಕ್ಕು ನೋಡುವುದು ಬರೀ ಬ್ಯಾಲೆನ್ಸ್ ತಿಳಿಯಲಿಕ್ಕಲ್ಲ, ಶುಲ್ಕವೆಂದು ಏನು ಕಡಿತವಾಗಿದೆ ಎಂದು ತಿಳಿಯಲಿಕ್ಕೂ ಹೌದು.

ಕೊನೆಯದಾಗಿ, ನಿಮ್ಮ ಖಾತೆಯ ಮೇಲೆ ಬೇರೆಯವರಿಗೂ ಕಣ್ಣಿರುತ್ತದೆ. ‘ನಿನ್ನ ಖಾತೆ, ಎಟಿಎಂ ಕಾರ್ಡು, ಸಿಮ್ಮು ನನಗೆ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇನೆ, ನೀನೇನೂ ಮಾಡಬೇಕಾಗಿಲ್ಲ’ ಎಂದು ಪರಿಚಯದವರೇ ಕೇಳಬಹುದು. ಯಾರನ್ನೋ ಮೋಸ ಮಾಡಿ ದೋಚಿದ ಹಣವನ್ನು ಹಾಯಿಸಲು ಇಂಥ ಖಾತೆಗಳು ಬೇಕಾಗುತ್ತವೆ. ಪೊಲೀಸರು ಹಣದ ಜಾಡು ಹಿಡಿದಾಗ ಮೊದಲು ಸಿಗುವುದು ಖಾತೆಯಲ್ಲಿರುವ ಹೆಸರು, ಅಂದರೆ ನಿಮ್ಮದು. ಅಂಥ ಮಾತು ಬಂದರೆ ಅಂದೇ ಮನೆಯಲ್ಲಿ ಹೇಳಿ, ಇಲ್ಲವೇ ನನಗೆ ಹೇಳಿ. ಈಗ ಪ್ರಶ್ನೆಗಳಿದ್ದರೆ ಕೇಳಿ.”

ಭಾಷಣ ಇಷ್ಟು. ನಿಮ್ಮ ಊರಿನ ಬೇಕರಿಯ ದರಕ್ಕೆ ಅಂಕಿಗಳನ್ನು ಬದಲಿಸಿಕೊಳ್ಳಿ, ಆದರೆ ಎರಡನೆಯ ತಿಂಗಳ ಲೆಕ್ಕ ಸರಿಹೊಂದುತ್ತದೆಯೇ ಎಂದು ಮನೆಯಲ್ಲೇ ಒಮ್ಮೆ ನೋಡಿಕೊಳ್ಳಿ. ಮಕ್ಕಳು ಕೂಡುವುದರಲ್ಲಿ ನಮಗಿಂತ ಚುರುಕು. ಗಂಡುಮಕ್ಕಳಿಗೆ ಬಸ್ ಉಚಿತವಲ್ಲ ಎಂಬ ಗೊಣಗಾಟ ಸಭೆಯಿಂದ ಬಂದೇ ಬರುತ್ತದೆ. ಅವರ ರಿಯಾಯಿತಿ ಪಾಸಿನ ವೆಚ್ಚವನ್ನು ಮನೆಯವರು ಬೇರೆಯಾಗಿ ಕೊಡುತ್ತಾರೋ ಪಾಕೆಟ್ ಮನಿಯಲ್ಲೇ ಸೇರಿಸುತ್ತಾರೋ ಎಂದು ಅವರನ್ನೇ ಕೇಳಿ. ಅಗತ್ಯದ ಖರ್ಚೂ ಇಷ್ಟದ ಖರ್ಚೂ ಒಂದೇ ಕೈಯಲ್ಲಿ ಬಂದಾಗ ಎಷ್ಟು ಗೊಂದಲ ಎಂಬುದು ಆ ಉತ್ತರದಲ್ಲೇ ಗೊತ್ತಾಗುತ್ತದೆ. ಪಾಕೆಟ್ ಮನಿಯೇ ಸಿಗದ ಮಕ್ಕಳೂ ನಿಮ್ಮ ಮುಂದೆ ಕುಳಿತಿರುತ್ತಾರೆ ಎಂಬುದನ್ನು ಮಾತ್ರ ಮರೆಯಬೇಡಿ. ‘ನಿನಗೆ ಎಷ್ಟು ಕೊಡುತ್ತಾರೆ’ ಎಂದು ಯಾರನ್ನೂ ಎದ್ದು ನಿಲ್ಲಿಸಿ ಕೇಳುವುದು ಬೇಡ. ಕಾವ್ಯ ಎಂಬ ಕಲ್ಪಿತ ಹುಡುಗಿಯನ್ನು ನಾನು ತಂದದ್ದೂ ಅದಕ್ಕಾಗಿಯೇ.

ಪ್ರಶ್ನೋತ್ತರದಲ್ಲಿ ಸಾಮಾನ್ಯವಾಗಿ ಬರುವ ಮೂರು ಪ್ರಶ್ನೆಗಳಿಗೆ ನೀವು ಸಿದ್ಧರಾಗಿದ್ದರೆ ಸಾಕು. ಮೊದಲನೆಯದು, ಕಾರ್ಡು ಕಳೆದುಹೋದರೆ ಹಣ ಯಾರದು ಎಂಬುದು. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆ ಇದಕ್ಕೆ ಆಧಾರ. ಪಿನ್ ಅಥವಾ ಒಟಿಪಿಯನ್ನು ಗ್ರಾಹಕರೇ ಬೇರೆಯವರಿಗೆ ಕೊಟ್ಟಿದ್ದರೆ, ಅವರು ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ಅವರದೇ. ತಿಳಿಸಿದ ಮೇಲೆ ಆದ ನಷ್ಟ ಬ್ಯಾಂಕಿನದು. ತಪ್ಪು ಗ್ರಾಹಕರದೂ ಅಲ್ಲ, ಬ್ಯಾಂಕಿನದೂ ಅಲ್ಲ, ವ್ಯವಸ್ಥೆಯಲ್ಲಿ ಬೇರೆಲ್ಲೋ ಆಗಿದೆ ಎಂದಾದರೆ, ಬ್ಯಾಂಕಿನ ಸಂದೇಶ ಬಂದ ಮೇಲೆ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವರಿಗೆ ನಷ್ಟವೇ ಇಲ್ಲ. ಎರಡೂ ಸಂದರ್ಭದಲ್ಲಿ ಮುಖ್ಯವಾದದ್ದು ತಿಳಿಸಿದ ಹೊತ್ತು. ಇಲ್ಲೊಂದು ಸಣ್ಣ ತೊಡಕಿದೆ. ಕಾರ್ಡು ನಿಲ್ಲಿಸಲು ಕರೆ ಮಾಡಬೇಕಾದ ಸಂಖ್ಯೆ ಸಾಮಾನ್ಯವಾಗಿ ಆ ಕಾರ್ಡಿನ ಹಿಂದೆಯೇ ಅಚ್ಚಾಗಿರುತ್ತದೆ, ಕಾರ್ಡೇ ಇಲ್ಲದಾಗ ಅದು ಯಾವ ಉಪಯೋಗಕ್ಕೂ ಬರುವುದಿಲ್ಲ. ಆ ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಲು ಹೇಳಿ. ಅಂತರ್ಜಾಲದಲ್ಲಿ ಹುಡುಕಿ ಸಿಕ್ಕ ಸಂಖ್ಯೆಗೆ ಕರೆ ಮಾಡುವುದು ಅಪಾಯ, ಏಕೆಂದರೆ ವಂಚಕರೂ ಅಲ್ಲಿ ತಮ್ಮ ಸಂಖ್ಯೆಗಳನ್ನು ಬ್ಯಾಂಕಿನದೆಂದು ಹಾಕಿರುತ್ತಾರೆ. ವಂಚನೆಯಾಗಿದೆ ಎಂದು ಗೊತ್ತಾದರೆ ಬ್ಯಾಂಕಿನ ಜೊತೆಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಕ್ಷಣ ಕರೆ ಮಾಡಬೇಕು.

ಎರಡನೆಯದು ಮೊಬೈಲ್ ಆಟದ ಪ್ರಶ್ನೆ, ಇದನ್ನು ಕೇಳುವ ಹುಡುಗರು ತಮ್ಮ ಸ್ನೇಹಿತನಿಗೆ ಆಯಿತು ಎಂದೇ ಹೇಳುತ್ತಾರೆ. ಅಪ್ಪನ ಕಾರ್ಡಿನಿಂದ ಆಟಕ್ಕೆ ಹಣ ಹೋಗಿದೆ, ವಾಪಸು ಬರುತ್ತದೆಯೇ? ಕಾರ್ಡಿನ ಆನ್‌ಲೈನ್ ವಹಿವಾಟಿಗೆ ಒಟಿಪಿ ಎಂಬ ಕಾವಲಿರುವುದು ನಿಜ, ಆದರೆ ಆ ಒಟಿಪಿ ಬರುವುದು ಆಟ ಆಡುತ್ತಿರುವ ಫೋನಿಗೇ. ಫೋನು ಮಗುವಿನ ಕೈಯಲ್ಲಿರುವಾಗ ಕಾವಲು ಇದ್ದೂ ಇಲ್ಲದಂತೆ. ಒಟಿಪಿ ಸರಿಯಾಗಿ ಹಾಕಿ ನಡೆದ ವಹಿವಾಟನ್ನು ವಂಚನೆ ಎಂದು ಬ್ಯಾಂಕು ಒಪ್ಪುವುದು ಕಷ್ಟ. ಆಟ ಮಾರಿದ ಆ್ಯಪ್ ಅಂಗಡಿಯಲ್ಲಿ ಮರುಪಾವತಿಗೆ ಕೋರಿಕೆ ಸಲ್ಲಿಸಬಹುದು, ಎಷ್ಟು ಬೇಗ ಸಲ್ಲಿಸಿದರೆ ಅಷ್ಟು ಅವಕಾಶ ಹೆಚ್ಚು. ಹಾಗಾಗಿ ಬೈಗುಳಕ್ಕೆ ಹೆದರಿ ವಾರಗಟ್ಟಲೆ ಮುಚ್ಚಿಡಬಾರದು ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳಿ.

ಮೂರನೆಯದು, ಎಟಿಎಂನಿಂದ ನೋಟು ಬರಲಿಲ್ಲ, ಆದರೆ ಖಾತೆಯಲ್ಲಿ ಹಣ ಕಡಿತವಾಗಿದೆ ಎಂಬುದು. ಮಕ್ಕಳಿಗೆ ಇದು ಭಯ ಹುಟ್ಟಿಸುತ್ತದೆ, ಆದರೆ ನಿಯಮ ಇಲ್ಲಿ ಗ್ರಾಹಕರ ಪರವಾಗಿದೆ. ವಹಿವಾಟಿನ ದಿನವನ್ನು ಬಿಟ್ಟು ಐದು ದಿನಗಳೊಳಗೆ ಬ್ಯಾಂಕು ತಾನಾಗಿಯೇ ಹಣವನ್ನು ಮರಳಿ ಜಮಾ ಮಾಡಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸೇರಿಸಿ ಕೊಡಬೇಕು. ಯಂತ್ರದಿಂದ ಬಂದ ಚೀಟಿಯನ್ನು, ಚೀಟಿ ಬರದಿದ್ದರೆ ಎಟಿಎಂನ ಸ್ಥಳ ಮತ್ತು ಸಮಯವನ್ನು ಬರೆದಿಟ್ಟುಕೊಂಡರೆ ಸಾಕು.

ಉಳಿತಾಯದ ಬಗ್ಗೆ ನನ್ನದೊಂದು ಅಭಿಪ್ರಾಯ ಹೇಳುತ್ತೇನೆ. ಇಂಥ ಕಾರ್ಯಕ್ರಮಗಳಲ್ಲಿ ಚಕ್ರಬಡ್ಡಿಯ ದೊಡ್ಡ ದೊಡ್ಡ ಅಂಕಿಗಳನ್ನು ತೋರಿಸುವ ಅಭ್ಯಾಸವಿದೆ. ಹದಿನಾಲ್ಕು ವರ್ಷದ ಮಗುವಿಗೆ ಮೂವತ್ತು ವರ್ಷದ ನಂತರದ ಲಕ್ಷಗಳು ಕಥೆಯಂತೆ ಕೇಳಿಸುತ್ತವೆ, ಲೆಕ್ಕದಂತೆ ಅಲ್ಲ. ಅದರ ಬದಲು ಅಂಚೆ ಕಚೇರಿಯ ಆರ್‌ಡಿಯನ್ನು ಉದಾಹರಣೆಯಾಗಿ ಕೊಡಬಹುದು. ತಿಂಗಳಿಗೆ ಕನಿಷ್ಠ 100 ರೂಪಾಯಿ ಕಟ್ಟಬೇಕು, ಅವಧಿ ಐದು ವರ್ಷ, ಹತ್ತು ದಾಟಿದ ಮಕ್ಕಳು ತಮ್ಮ ಹೆಸರಿನಲ್ಲೇ ತೆರೆಯಬಹುದು. ಬಡ್ಡಿ ದರವನ್ನು ಕೇಂದ್ರ ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಆದರೆ ಖಾತೆ ತೆರೆದ ದಿನದ ದರವೇ ಆ ಖಾತೆಗೆ ಕೊನೆಯವರೆಗೆ ಇರುತ್ತದೆ. 6.7 ಶೇಕಡಾ ದರದಲ್ಲಿ ತೆರೆದ ಖಾತೆಗೆ ಕಾವ್ಯ ಐದು ವರ್ಷದಲ್ಲಿ ಕಟ್ಟುವುದು 6,000 ರೂಪಾಯಿ, ಕೈಗೆ ಬರುವುದು ಸುಮಾರು 7,136. ಅವಳು ಆಗ ಪದವಿ ಓದುತ್ತಿರುತ್ತಾಳೆ. ಒಂದು ತಿಂಗಳು ಕಟ್ಟಲು ತಪ್ಪಿದರೆ ನೂರು ರೂಪಾಯಿಗೆ ಒಂದು ರೂಪಾಯಿ ದಂಡ. ದಂಡ ದೊಡ್ಡದಲ್ಲ, ಆದರೆ ತಪ್ಪಿದ ಕಂತು ಪಾಸ್‌ಬುಕ್ಕಿನಲ್ಲಿ ಕಣ್ಣಿಗೆ ಕಾಣುತ್ತದೆ, ಮಕ್ಕಳ ಮೇಲೆ ಅದು ಬೀರುವ ಪರಿಣಾಮ ಬಡ್ಡಿಗಿಂತ ಹೆಚ್ಚು.

ಆದರೆ ರಾಕೆಟ್ಟಿನ ಹಣವನ್ನು ಆರ್‌ಡಿಗೆ ಹಾಕಬಾರದು. ಮೂರು ವರ್ಷಕ್ಕೆ ಮುಂಚೆ ಅದನ್ನು ಮುಚ್ಚಲು ಬರುವುದಿಲ್ಲ, ನಂತರ ಮುಚ್ಚಿದರೂ ಐದು ವರ್ಷಕ್ಕೆ ಮೊದಲೇ ಆದರೆ ಉಳಿತಾಯ ಖಾತೆಯ ಬಡ್ಡಿಯಷ್ಟೇ ಸಿಗುತ್ತದೆ. ಹತ್ತು ತಿಂಗಳ ಗುರಿಗೆ ಸಾಮಾನ್ಯ ಉಳಿತಾಯ ಖಾತೆ, ಕಾಲೇಜಿನ ಖರ್ಚಿಗೆ ಆರ್‌ಡಿ. ಮಕ್ಕಳಿಗೆ ಇವೆರಡನ್ನೂ ಬೇರೆ ಮಾಡಿ ಹೇಳದೆ ‘ಉಳಿಸಿ’ ಎಂದಷ್ಟೇ ಹೇಳಿದರೆ, ರಾಕೆಟ್ಟು ಸಿಗದ ಬೇಸರದಲ್ಲಿ ಮೊದಲ ವರ್ಷವೇ ಉಳಿಸುವುದನ್ನು ಬಿಡುತ್ತಾರೆ.

ಭಾಷಣ ಮುಗಿದ ಮೇಲೆ ಕೆಲವು ಪೋಷಕರು ಖಾತೆ ತೆರೆಯುವ ಬಗ್ಗೆ ನಿಮ್ಮನ್ನೇ ವಿಚಾರಿಸುವರು. ಮಗುವಿನ ಆಧಾರ್, ಜನ್ಮದಿನಾಂಕದ ದಾಖಲೆ, ಫೋಟೋ, ತಂದೆ ಅಥವಾ ತಾಯಿಯ ಗುರುತಿನ ದಾಖಲೆಗಳನ್ನು ತೆಗೆದುಕೊಂಡು ಹೋಗಲು ಹೇಳಿ. ತಾಯಿಯೊಬ್ಬರೇ ಪೋಷಕರಾಗಿ ಸಹಿ ಹಾಕಿದರೂ ಸಾಕು. ಮಗು ಪ್ರತಿ ಸಲವೂ ಒಂದೇ ರೀತಿ ಸಹಿ ಮಾಡುವುದನ್ನು ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಹೋಗಲಿ, ಏಕೆಂದರೆ ಸ್ವತಂತ್ರವಾಗಿ ಖಾತೆ ನಡೆಸುವವರ ಸಹಿ ಬದಲಾಗುತ್ತಿದ್ದರೆ ಬ್ಯಾಂಕಿನವರು ಅರ್ಜಿಯನ್ನು ತಡೆಹಿಡಿಯುತ್ತಾರೆ. ಕನಿಷ್ಠ ಮೊತ್ತ ಇಡಬೇಕೇ, ಕಾರ್ಡಿಗೆ ವಾರ್ಷಿಕ ಶುಲ್ಕವಿದೆಯೇ, ದಿನಕ್ಕೆ ಎಷ್ಟು ತೆಗೆಯಬಹುದು ಎಂಬ ಮೂರನ್ನು ಅರ್ಜಿಗೆ ಸಹಿ ಹಾಕುವ ಮುನ್ನವೇ ಕೇಳಬೇಕು. ಇನ್ನು, 10ನೇ ತರಗತಿಯ ಮಕ್ಕಳ ಪೋಷಕರಿಗೆ ಒಂದು ವಿಷಯ ತಿಳಿಸಿ: ಮಗುವಿಗೆ 18 ತುಂಬಿದಾಗ ಹೊಸ ಸಹಿಯ ಮಾದರಿಯನ್ನೂ ಖಾತೆ ನಡೆಸುವ ಹೊಸ ಸೂಚನೆಯನ್ನೂ ಬ್ಯಾಂಕಿಗೆ ಕೊಡಬೇಕು. ಆ ಕೆಲಸವನ್ನು ಹುಟ್ಟುಹಬ್ಬದ ಆಸುಪಾಸಿನಲ್ಲೇ ಮುಗಿಸಿಕೊಂಡರೆ, ಕಾಲೇಜು ಶುಲ್ಕ ಕಟ್ಟುವ ಸಮಯದಲ್ಲಿ ಶಾಖೆಗೆ ಅಲೆಯುವುದು ತಪ್ಪುತ್ತದೆ.